ಮಳೆಗಾಲದಲ್ಲಿ ಶೂ ಕಡ್ಡಾಯವೇ? ಎಂಟನೇ ತರಗತಿಯಲ್ಲಿ ಶಾಲಾ ನಿಯಮವೊಂದರ ಚರ್ಚೆಯನ್ನು ಸಿದ್ಧಪಡಿಸುವ ಸಮಗ್ರ ಮಾರ್ಗದರ್ಶಿ

ಶಾಲೆಗಳ ಚರ್ಚಾ ಸ್ಪರ್ಧೆಗೆ ಸಾಮಾನ್ಯವಾಗಿ ಕೊಡುವ ವಿಷಯಗಳು ಮೊಬೈಲು ವರವೋ ಶಾಪವೋ, ವಿಜ್ಞಾನ ಒಳಿತೋ ಕೆಡುಕೋ ಎಂಬಂಥವು. ಇಂಥ ವಿಷಯಕ್ಕೆ ಹದಿಮೂರು ವರ್ಷದ ಹುಡುಗಿಯೊಬ್ಬಳು ತಾನೇ ಕಲೆಹಾಕಬಹುದಾದ ಆಧಾರ ಯಾವುದೂ ಇರುವುದಿಲ್ಲ. ಹಾಗಾಗಿ ಭಾಷಣವನ್ನು ಮನೆಯಲ್ಲಿ ದೊಡ್ಡವರು ಬರೆದುಕೊಡುತ್ತಾರೆ, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಗಟ್ಟಿಯಾಗಿ ಮಾತಾಡಿದವರಿಗೆ ಬಹುಮಾನ ಸಿಗುತ್ತದೆ. ಶಾಲೆಯದೇ ಒಂದು ನಿಯಮವನ್ನು ವಿಷಯವಾಗಿ ಇಟ್ಟರೆ ಈ ಸ್ಥಿತಿ ಬದಲಾಗುತ್ತದೆ, ಏಕೆಂದರೆ ಆಗ ಬೇಕಾದ ಆಧಾರವೆಲ್ಲ ಶಾಲೆಯ ಜಗುಲಿಯಲ್ಲಿ, ಬಸ್ ನಿಲ್ದಾಣದಲ್ಲಿ, ಊರಿನ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಕೈಗೆಟುಕುವಂತೆ ಇರುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯ ಒಂದು ಪ್ರೌಢಶಾಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಮಳೆಗಾಲದಲ್ಲಿಯೂ ಕಪ್ಪು ಶೂ ಮತ್ತು ಸಾಕ್ಸ್ ಕಡ್ಡಾಯ ಎಂಬ ನಿಯಮವನ್ನು ಉದಾಹರಣೆಯಾಗಿ ಹಿಡಿದು, ಸಿದ್ಧತೆಯ ಪ್ರತಿ ಹಂತವನ್ನೂ ಇಲ್ಲಿ ವಿವರಿಸಿದ್ದೇನೆ. ಮಕ್ಕಳ ಎಣಿಕೆಯ ಮತ್ತು ಅಂಕಗಳ ಸಂಖ್ಯೆಗಳು ಲೆಕ್ಕದ ಕ್ರಮ ತೋರಿಸುವುದಕ್ಕಾಗಿ ಕೊಟ್ಟವು. ನಿಮ್ಮ ಶಾಲೆಯ ಸಂಖ್ಯೆಗಳನ್ನು ನಿಮ್ಮ ಮಕ್ಕಳೇ ಎಣಿಸಬೇಕು. ಮೊದಲೇ ಒಂದು ಮಾತು ಹೇಳಬೇಕು: ಚರ್ಚೆ ನ್ಯಾಯವಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ತೀರ್ಪುಗಾರರು ಅಂಕ ಹಾಕುವ ಹೊತ್ತಿಗೆ ಬಹುಮಟ್ಟಿಗೆ ನಿರ್ಧಾರವಾಗಿ ಹೋಗಿರುತ್ತದೆ. ವಿಷಯದ ವಾಕ್ಯವನ್ನು ಹೇಗೆ ಬರೆದಿರಿ, ಆಧಾರಗಳು ಎರಡೂ ತಂಡಗಳಿಗೆ ಸಮನಾಗಿ ಸಿಕ್ಕವೇ, ಯಾವ ತಂಡಕ್ಕೆ ಯಾವ ಪಕ್ಷ ಯಾವಾಗ ಬಂತು ಎಂಬುದರಲ್ಲೇ ನ್ಯಾಯ ಅಡಗಿದೆ.

ನಿಯಮವನ್ನು ಆರಿಸುವುದು, ವಾಕ್ಯವನ್ನು ಬರೆಯುವುದು

ಎಲ್ಲ ನಿಯಮಗಳೂ ಚರ್ಚೆಗೆ ಒಗ್ಗುವುದಿಲ್ಲ. ತಡವಾಗಿ ಬಂದವರನ್ನು ಮೈದಾನದಲ್ಲಿ ನಿಲ್ಲಿಸಬೇಕೇ ಎಂಬ ವಿಷಯವನ್ನು ಕೆಲವು ಮಕ್ಕಳು ಸೂಚಿಸುತ್ತಾರೆ. ಆದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ಕೊಡಬಾರದೆಂದು ಹೇಳಿದೆ. ಕಾನೂನು ತೀರ್ಮಾನಿಸಿದ ಸಂಗತಿಯ ಮೇಲೆ ಪರ ತಂಡವೊಂದನ್ನು ನಿಲ್ಲಿಸಿದರೆ ಆ ಮಕ್ಕಳು ಸಮರ್ಥಿಸಲಾಗದ್ದನ್ನು ಸಮರ್ಥಿಸಬೇಕಾಗುತ್ತದೆ. ಹಾಗೆಯೇ ಒಬ್ಬ ನಿರ್ದಿಷ್ಟ ಶಿಕ್ಷಕರು ಮಾತ್ರ ಜಾರಿ ಮಾಡುವ ನಿಯಮವನ್ನೂ ಬಿಡಬೇಕು, ಏಕೆಂದರೆ ಐದು ನಿಮಿಷದಲ್ಲಿ ಚರ್ಚೆ ಆ ಶಿಕ್ಷಕರ ಮೇಲೆಯೇ ತಿರುಗುತ್ತದೆ. ಇನ್ನು, ತರಗತಿಯಲ್ಲಿ ಕೈ ಎತ್ತಿಸಿ ನೋಡಿದಾಗ ಎಲ್ಲರೂ ಒಂದೇ ಕಡೆ ಇದ್ದರೆ ಅದು ಒಳ್ಳೆಯ ವಿಷಯವಲ್ಲ. ಮೂರರಲ್ಲಿ ಒಂದು ಭಾಗದಷ್ಟಾದರೂ ಮಕ್ಕಳು ಬೇರೆ ಅಭಿಪ್ರಾಯ ಹೇಳಿದರೆ ಎರಡೂ ಪಕ್ಷಗಳಿಗೆ ಜೀವ ಇದೆ ಎಂದರ್ಥ.

ಶೂ ನಿಯಮ ಈ ಪರೀಕ್ಷೆಗಳಲ್ಲಿ ಪಾಸಾಗುತ್ತದೆ. ಆದರೆ ‘ಮಳೆಗಾಲದಲ್ಲಿ ಶೂ ಬೇಕೇ ಬೇಡವೇ’ ಎಂದು ಬರೆದರೆ ಸಾಲದು. ಬೇಡ ಎಂದರೆ ಬರಿಗಾಲೇ, ಹವಾಯಿ ಚಪ್ಪಲಿಯೇ, ಗಂಬೂಟೇ ಎಂಬುದು ತಿಳಿಯದೆ ಎರಡು ತಂಡಗಳೂ ಬೇರೆ ಬೇರೆ ವಿಷಯದ ಮೇಲೆ ಮಾತಾಡುತ್ತವೆ. ವಾಕ್ಯದಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿ ಏನನ್ನು ತರುತ್ತಾರೆ ಎಂಬುದೆಲ್ಲ ಇರಬೇಕು. ನಾನು ಒಪ್ಪುವ ವಾಕ್ಯ ಹೀಗಿದೆ: ‘ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಶಾಲೆಯ ಎಲ್ಲ ವಿದ್ಯಾರ್ಥಿಗಳಿಗೂ ಶೂ ಮತ್ತು ಸಾಕ್ಸ್ ಬದಲು ಹಿಂಬದಿ ಪಟ್ಟಿಯಿರುವ ಕಪ್ಪು ಸ್ಯಾಂಡಲ್ ಹಾಕಿಕೊಂಡು ಬರಲು ಅವಕಾಶ ಇರಬೇಕು.’ ಇಲ್ಲಿ ‘ಅವಕಾಶ’ ಎಂಬ ಮಾತು ಮುಖ್ಯ. ಯಾರ ಮೇಲೂ ಸ್ಯಾಂಡಲ್ ಕಡ್ಡಾಯವಾಗುವುದಿಲ್ಲ. ‘ಎಲ್ಲ’ ಎಂಬ ಮಾತೂ ಅಷ್ಟೇ ಮುಖ್ಯ, ಏಕೆಂದರೆ ವಿರೋಧ ತಂಡಕ್ಕೆ ಹಿಡಿತ ಸಿಗುವುದೇ ಅಲ್ಲಿ. ಅದನ್ನು ಮುಂದೆ ನೋಡೋಣ.

ವಾಕ್ಯ ಸಿದ್ಧವಾದ ಮೇಲೆ ಅದನ್ನು ಮುಖ್ಯ ಶಿಕ್ಷಕರಿಗೆ ತೋರಿಸಿ ಲಿಖಿತ ಒಪ್ಪಿಗೆ ಪಡೆಯಬೇಕು. ಇದು ಚರ್ಚೆಯೇ ಹೊರತು ಮತದಾನವಲ್ಲ, ಗೆದ್ದ ತಂಡದ ಮಾತೇ ನಿಯಮವಾಗುವುದಿಲ್ಲ ಎಂಬುದನ್ನು ಮಕ್ಕಳಿಗೂ ಅದೇ ದಿನ ಹೇಳಿಬಿಡಬೇಕು. ಹಾಗೆ ಹೇಳದೆ ಹೋದರೆ ಚರ್ಚೆಯ ಮರುದಿನವೇ ನಾಲ್ಕು ಮಕ್ಕಳು ಸ್ಯಾಂಡಲ್ ಹಾಕಿಕೊಂಡು ಬಂದು ಪ್ರಾರ್ಥನೆಯ ಸಾಲಿನಲ್ಲಿ ಬೈಸಿಕೊಳ್ಳುತ್ತಾರೆ.

ಪಾತ್ರಗಳ ಹಂಚಿಕೆ

ತರಗತಿಯಲ್ಲಿ 32 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಭಾಷಣಕಾರರು ತಂಡಕ್ಕೆ 3ರಂತೆ 6 ಮಂದಿ. ಅವರಿಗೆ ಬೆನ್ನೆಲುಬಾಗಿ ಮಾಹಿತಿ ಸಂಗ್ರಾಹಕರು ತಂಡಕ್ಕೆ 5ರಂತೆ 10 ಮಂದಿ. ಯಾವ ತಂಡಕ್ಕೂ ಸೇರದ 4 ಮಂದಿ ಮಾಹಿತಿ ಪರಿಶೀಲಕರು. ಒಬ್ಬ ಸಭಾಧ್ಯಕ್ಷೆ, ಒಬ್ಬ ಸಮಯಪಾಲಕ, ಇಬ್ಬರು ಟಿಪ್ಪಣಿಕಾರರು, 3 ವಿದ್ಯಾರ್ಥಿ ತೀರ್ಪುಗಾರರು, ಮತ್ತು ಸಭೆಯಿಂದ ಪ್ರಶ್ನೆ ಕೇಳುವ 5 ಮಂದಿ. ಸುಮ್ಮನೆ ಕುಳಿತು ಚಪ್ಪಾಳೆ ತಟ್ಟುವ ಪಾತ್ರ ಯಾರಿಗೂ ಇಲ್ಲ.

ಇವರಲ್ಲಿ ಮಾಹಿತಿ ಪರಿಶೀಲಕರ ಕೆಲಸವನ್ನು ಶಾಲೆಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಚರ್ಚೆಯ ಗುಣಮಟ್ಟ ನಿಲ್ಲುವುದು ಅವರ ಮೇಲೆಯೇ. ಸಂಗ್ರಾಹಕರು ತಂದ ಪ್ರತಿಯೊಂದು ಸಂಗತಿಯೂ ಒಂದು ಆಧಾರ ಚೀಟಿಯ ಮೇಲೆ ಬರೆದಿರಬೇಕು. ಚೀಟಿಯಲ್ಲಿ ಸಂಗತಿ ಏನು, ಅದು ಎಲ್ಲಿಂದ ಅಥವಾ ಯಾರಿಂದ ಬಂತು, ಯಾವ ದಿನಾಂಕದ್ದು, ಬರೆದುಕೊಂಡವರು ಯಾರು ಎಂಬ ನಾಲ್ಕು ವಿವರಗಳ ಜೊತೆಗೆ ಐದನೆಯ ಸಾಲೊಂದು ಇರಬೇಕು: ‘ಈ ಸಂಗತಿಯಿಂದ ಏನು ತಿಳಿಯುವುದಿಲ್ಲ?’ ಪರಿಶೀಲಕರು ಆ ಐದನೆಯ ಸಾಲು ಖಾಲಿ ಇರುವ ಚೀಟಿಯನ್ನು ವಾಪಸು ಕೊಡುತ್ತಾರೆ. ಚರ್ಚೆಯ ದಿನ ಯಾರಾದರೂ ಚೀಟಿಯಿಲ್ಲದ ಅಂಕಿಯನ್ನು ಹೇಳಿದರೆ ಪರಿಶೀಲಕರು ಮಾತನ್ನು ತಡೆಯುವುದಿಲ್ಲ. ಮುಂದೆ ಇಟ್ಟುಕೊಂಡ ಹಳದಿ ರಟ್ಟನ್ನು ಎತ್ತುತ್ತಾರೆ, ತೀರ್ಪುಗಾರರು ಅದನ್ನು ಗುರುತು ಮಾಡಿಕೊಳ್ಳುತ್ತಾರೆ.

ಭಾಷಣಕಾರರನ್ನು ಆರಿಸುವಾಗ ಪ್ರತಿ ಸಲವೂ ಪ್ರತಿಭಾ ಕಾರಂಜಿಗೆ ಹೋಗುವ ಅದೇ ಮೂವರನ್ನು ಆರಿಸಬಾರದು. ಹೆಸರು ಕೊಟ್ಟವರೆಲ್ಲರ ಚೀಟಿ ಹಾಕಿ ಆರು ಹೆಸರು ಎತ್ತುವುದು ಸರಿಯಾದ ಕ್ರಮ. ಮಾತಿಗೆ ಅಂಜುವ ಮಕ್ಕಳಿಗೆ ಸಮಯಪಾಲಕ ಅಥವಾ ಟಿಪ್ಪಣಿಕಾರರ ಪಾತ್ರ ಕೊಟ್ಟು ಕೈತೊಳೆದುಕೊಳ್ಳುವುದೂ ತಪ್ಪು. ಅಂಥವರಿಗೆ ಸಭೆಯಿಂದ ಒಂದೇ ಒಂದು ಪ್ರಶ್ನೆ ಕೇಳುವ ಪಾತ್ರ ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಪ್ರಶ್ನೆಯನ್ನು ಮೊದಲೇ ಬರೆದುಕೊಂಡು ಓದಬಹುದು.

ಯಾವ ಪಕ್ಷ ಯಾರಿಗೆ ಎಂದು ತಿಳಿಯುವ ಮೊದಲೇ ಸಂಶೋಧನೆ

ಸಂಶೋಧನೆಗೆ ಒಂದು ಪೂರ್ತಿ ವಾರ ಬೇಕು, ಸೋಮವಾರದಿಂದ ಶುಕ್ರವಾರದವರೆಗೆ. ಈ ವಾರದಲ್ಲಿ ಪರ ಯಾರು ವಿರೋಧ ಯಾರು ಎಂಬುದು ಯಾರಿಗೂ ಗೊತ್ತಿರಬಾರದು. ಭಾಷಣಕಾರರೂ ಸಂಗ್ರಾಹಕರೂ ಸೇರಿ 16 ಮಂದಿ ಒಟ್ಟಾಗಿ ಆಧಾರ ಹುಡುಕುತ್ತಾರೆ. ಸಿಕ್ಕ ಚೀಟಿಗಳೆಲ್ಲ ಒಂದೇ ಕಡತಕ್ಕೆ ಹೋಗುತ್ತವೆ. ಪಕ್ಷ ಮೊದಲೇ ತಿಳಿದರೆ ಮಕ್ಕಳು ತಮಗೆ ಅನುಕೂಲವಾದದ್ದನ್ನು ಮಾತ್ರ ಬರೆದುಕೊಳ್ಳುತ್ತಾರೆ, ಅನನುಕೂಲವಾದದ್ದನ್ನು ಕಂಡರೂ ಬಚ್ಚಿಡುತ್ತಾರೆ. ಶನಿವಾರದ ಅರ್ಧ ದಿನದ ತರಗತಿಯಲ್ಲಿ ಕಡತವನ್ನು ಎಲ್ಲರ ಮುಂದೆ ಓದಿ, ಅನಂತರವೇ ಪಕ್ಷದ ಚೀಟಿ ಎತ್ತಬೇಕು.

ಹುಡುಕಾಟ ನಿಯಮದ ಉದ್ದೇಶದಿಂದ ಶುರುವಾಗಲಿ. ನಿಯಮ ಯಾಕೆ ಬಂತು ಎಂಬುದನ್ನು ಮುಖ್ಯ ಶಿಕ್ಷಕರನ್ನೂ ದೈಹಿಕ ಶಿಕ್ಷಕರನ್ನೂ ಕೇಳಬೇಕು. ಸರ್ಕಾರಿ ಶಾಲೆಯಾದರೆ ವಿದ್ಯಾರ್ಥಿಗಳಿಗೆ ಒಂದು ಜೊತೆ ಕಪ್ಪು ಶೂ ಮತ್ತು ಎರಡು ಜೊತೆ ಸಾಕ್ಸ್ ಕೊಡುವ ಯೋಜನೆ ಇದೆ. ಅದರ ಖರೀದಿಯ ಸುತ್ತೋಲೆ ಶಾಲೆಯ ಕಚೇರಿಯಲ್ಲಿ ಇರುತ್ತದೆ. ಸ್ಥಳೀಯ ಹವಾಮಾನಕ್ಕೆ ತಕ್ಕ ಪಾದರಕ್ಷೆಯ ಬಗ್ಗೆ ಅದರಲ್ಲಿ ಏನಾದರೂ ಹೇಳಿದೆಯೇ ಎಂದು ಮಕ್ಕಳು ತಾವೇ ಓದಿ ಬರೆದುಕೊಳ್ಳಬೇಕು. ‘ಸರ್ಕಾರವೇ ಹೇಳಿದೆಯಂತೆ’ ಎಂಬ ಮಾತು ಚೀಟಿಯಾಗುವುದಿಲ್ಲ.

ಎರಡನೆಯ ಆಧಾರ, ಎಣಿಕೆ. ಐದು ದಿನ ಬೆಳಗ್ಗೆ ಪ್ರಾರ್ಥನೆಗೆ ಮೊದಲು ತರಗತಿಯ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಬೇಕು. ‘ಒದ್ದೆ ಶೂ ಹಾಕಿಕೊಂಡು ನಿನಗೆ ಕಷ್ಟವಾಗುತ್ತಿದೆ ಅಲ್ಲವೇ?’ ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತಾಗುತ್ತದೆ. ‘ಈಗ ನಿನ್ನ ಸಾಕ್ಸ್ ಒಣಗಿದೆಯೋ ಒದ್ದೆಯಾಗಿದೆಯೋ?’ ಎಂದಷ್ಟೇ ಕೇಳಿ, ಸಾಕ್ಸ್‌ನ ಬೆರಳ ತುದಿಯನ್ನು ಅವರಿಂದಲೇ ಹಿಂಡಿಸಿ ನೋಡಿ ಗುರುತು ಹಾಕಬೇಕು. ಜೊತೆಗೆ ನಡೆದು ಬಂದರೋ ಬಸ್ಸಿನಲ್ಲಿ ಬಂದರೋ ಎಂಬುದನ್ನೂ ಬರೆಯಬೇಕು. ಹೆಸರು ಬೇಡ. ಯಾರ ಬಳಿ ಒಂದೇ ಜೊತೆ ಸಾಕ್ಸ್ ಇದೆ, ಯಾರ ಶೂ ಹರಿದಿದೆ ಎಂಬುದು ಇಡೀ ಸಭೆಯ ಮುಂದೆ ಬರುವಂತಾದರೆ ಆ ಮಗುವಿಗೆ ಆಗುವ ನೋವನ್ನು ಯಾವ ಚರ್ಚೆಯೂ ತುಂಬಿಕೊಡಲಾರದು. ಈ ವಿಷಯದಲ್ಲಿ ಶಿಕ್ಷಕರು ಕಟ್ಟುನಿಟ್ಟಾಗಿರಬೇಕು.

ಎಣಿಕೆಯ ಫಲ ಹೀಗೆ ಬಂತು ಎಂದುಕೊಳ್ಳಿ: 32 ಮಂದಿಯಲ್ಲಿ ಒದ್ದೆ ಸಾಕ್ಸ್‌ನವರು ಸೋಮವಾರ 19, ಮಂಗಳವಾರ 22, ಬುಧವಾರ 8, ಗುರುವಾರ 17, ಶುಕ್ರವಾರ 24. ಒಟ್ಟು 90, ಸರಾಸರಿ ದಿನಕ್ಕೆ 18. ಇಲ್ಲಿಯೇ ಮಕ್ಕಳಿಗೆ ಮೊದಲ ಪಾಠ ಕಾದಿದೆ. ಶುಕ್ರವಾರದ 24ನ್ನು ಮಾತ್ರ ಹೇಳುವುದೂ ಬುಧವಾರದ 8ನ್ನು ಮಾತ್ರ ಹೇಳುವುದೂ ಒಂದೇ ಬಗೆಯ ಅಪ್ರಾಮಾಣಿಕತೆ. ಬುಧವಾರ ಯಾಕೆ ಕಡಿಮೆಯಾಯಿತು ಎಂದು ಕೇಳಿಕೊಂಡರೆ ಮೂರನೆಯ ಆಧಾರಕ್ಕೆ ದಾರಿ ತೆರೆಯುತ್ತದೆ: ಆ ದಿನ ಮಳೆ ಎಷ್ಟು?

ಮಳೆಯ ಲೆಕ್ಕಕ್ಕೆ ನಮ್ಮ ಸೀಮೆಯಲ್ಲಿ ದೂರ ಹೋಗಬೇಕಾಗಿಲ್ಲ. ಕಾಫಿ ತೋಟಗಳಲ್ಲಿ ಪ್ರತಿದಿನದ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುವ ರೂಢಿ ಇದೆ. ತೋಟದ ರೈಟರನ್ನು ಕೇಳಿದರೆ ಪುಸ್ತಕ ತೋರಿಸುತ್ತಾರೆ. ಪತ್ರಿಕೆಯಲ್ಲಿ ಬರುವುದು ಮಿಲಿಮೀಟರಿನಲ್ಲಿ. ಒಂದು ಇಂಚಿಗೆ 100 ಸೆಂಟು, ಒಂದು ಇಂಚೆಂದರೆ 25.4 ಮಿಲಿಮೀಟರ್. ಪುಸ್ತಕದಲ್ಲಿ ಸೋಮವಾರ 2 ಇಂಚು 10 ಸೆಂಟು ಎಂದಿದ್ದರೆ 2.10ನ್ನು 25.4ರಿಂದ ಗುಣಿಸಿ ಸುಮಾರು 53 ಮಿಲಿಮೀಟರ್ ಎಂದು, ಬುಧವಾರ 20 ಸೆಂಟು ಎಂದಿದ್ದರೆ ಸುಮಾರು 5 ಮಿಲಿಮೀಟರ್ ಎಂದು ಬರೆಯಬೇಕು. ಒಂದು ಎಚ್ಚರಿಕೆ ಬೇಕು: ಮಳೆಯನ್ನು ಬೆಳಗ್ಗೆ ಅಳೆಯುವುದರಿಂದ ಬುಧವಾರದ ದಿನಾಂಕದಲ್ಲಿ ಬರೆದ ಮಳೆ ಮಂಗಳವಾರ ಬೆಳಗಿನಿಂದ ಬುಧವಾರ ಬೆಳಗಿನವರೆಗೆ ಬಿದ್ದದ್ದಾಗಿರುತ್ತದೆ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಬೆಳಗ್ಗೆ 8.30ಕ್ಕೆ ಮುಗಿಯುವ 24 ಗಂಟೆಗಳದ್ದು. ಇದನ್ನು ಗಮನಿಸದೆ ಹೋದರೆ ಸಾಕ್ಸ್ ಎಣಿಕೆಯೂ ಮಳೆಯ ಎಣಿಕೆಯೂ ಒಂದು ದಿನ ಹಿಂದುಮುಂದಾಗಿ, ಮಳೆ ಇಲ್ಲದ ದಿನ ಸಾಕ್ಸ್ ಒದ್ದೆಯಾದಂತೆ ಕಾಣುತ್ತದೆ. ಲೆಕ್ಕ ಹೊಂದದಿದ್ದರೆ ಮೊದಲು ದಿನಾಂಕವನ್ನೇ ಅನುಮಾನಿಸಬೇಕು.

ನಾಲ್ಕನೆಯದು ಆರೋಗ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಊರಿನ ಆಶಾ ಕಾರ್ಯಕರ್ತೆಯನ್ನೋ ಇಬ್ಬರು ಮಕ್ಕಳು ಮುಂಚಿತವಾಗಿ ಹೇಳಿ ಭೇಟಿ ಮಾಡಬೇಕು. ದಿನವಿಡೀ ಒದ್ದೆಯಾಗಿರುವ ಬೆರಳ ಸಂದಿಯಲ್ಲಿ ಬೂಷ್ಟು ಬೆಳೆದು ಆಗುವ ಕೆಸರು ಹುಣ್ಣಿನ ಬಗ್ಗೆ ಒಂದು ಪ್ರಶ್ನೆ, ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿ ಬರುವ ಇಲಿಜ್ವರದ ಬಗ್ಗೆ ಒಂದು ಪ್ರಶ್ನೆ. ಮೊದಲನೆಯದು ಪರ ತಂಡಕ್ಕೆ, ಎರಡನೆಯದು ವಿರೋಧ ತಂಡಕ್ಕೆ ಬಲ ಕೊಡುತ್ತದೆ. ಎರಡನ್ನೂ ಕೇಳಿ ಬರುವುದು ಕಡ್ಡಾಯ. ಇಂಬಳದ ಮಾತೂ ಬಂದೇ ಬರುತ್ತದೆ. ಮುಚ್ಚಿದ ಶೂ ಇಂಬಳವನ್ನು ತಡೆಯುತ್ತದೆ ಎನ್ನುವವರೂ, ಸಾಕ್ಸ್ ಒಳಗೆ ಸೇರಿದ ಇಂಬಳ ಹೊಟ್ಟೆ ತುಂಬುವವರೆಗೆ ಕಾಣುವುದೇ ಇಲ್ಲ ಎನ್ನುವವರೂ ತರಗತಿಯಲ್ಲಿ ಸಿಗುತ್ತಾರೆ.

ಐದನೆಯದನ್ನು ಶಾಲೆಯಲ್ಲೇ ಮಾಡಬಹುದು. ಹಳೆಯ ಶೂ ಒಂದು ಜೊತೆ, ಹಳೆಯ ಸ್ಯಾಂಡಲ್ ಒಂದು ಜೊತೆ ತಂದು ಬಿಸಿಯೂಟದ ಕೋಣೆಯ ತಕ್ಕಡಿಯಲ್ಲಿ ತೂಗಿ, ಒಂದು ನಿಮಿಷ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಜಗುಲಿಯಲ್ಲಿ ಇಟ್ಟು, ಪ್ರತಿ ಪಿರಿಯಡ್ ಮುಗಿದಾಗ ಮತ್ತೆ ತೂಗಬೇಕು. ತೂಕ ಮೊದಲಿನಷ್ಟಾಗಲು ಎಷ್ಟು ಹೊತ್ತು ಬೇಕಾಯಿತು ಎಂಬುದೇ ಆಧಾರ. ಅಡುಗೆಗೆ ಬಳಸುವ ತಟ್ಟೆಯ ಮೇಲೆ ನೇರವಾಗಿ ಇಡದೆ ಹಾಳೆ ಹಾಸಿ ಇಡುವುದನ್ನು ಮರೆಯಬಾರದು. ಉಳಿದ ಓದಿಗೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಸಂಜೆ ಸಾಕು.

ಒಂದೇ ಅಂಕಿ, ಎರಡು ವಾದ

ಶನಿವಾರ ಪಕ್ಷ ಎತ್ತಿದ ಮೇಲೆ ಎರಡೂ ತಂಡಗಳಿಗೆ ಕಡತದ ಒಂದೊಂದು ಪ್ರತಿ ಕೊಡಬೇಕು. ಮುಂದಿನ ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ಭಾಷಣ ಕಟ್ಟುವ ಕೆಲಸ. ಮೂರು ನಿಮಿಷದ ಭಾಷಣಕ್ಕೆ ಕನ್ನಡದಲ್ಲಿ ಸುಮಾರು 250 ಪದಗಳು ಸಾಕು. ಅದಕ್ಕಿಂತ ಹೆಚ್ಚು ಬರೆದವರು ಕೊನೆಯ ನಿಮಿಷದಲ್ಲಿ ಓಡುತ್ತಾರೆ. ಒಂದು ಭಾಷಣಕ್ಕೆ ಎರಡು ವಾದ, ಪ್ರತಿ ವಾದಕ್ಕೆ ಒಂದು ಚೀಟಿ, ಮತ್ತು ಆ ಚೀಟಿಯಿಂದ ವಿಷಯದ ವಾಕ್ಯಕ್ಕೆ ಹೇಗೆ ಬಂದೆವು ಎಂಬ ವಿವರಣೆ. ಮಕ್ಕಳು ಸಾಮಾನ್ಯವಾಗಿ ಈ ಕೊನೆಯದನ್ನೇ ಬಿಟ್ಟುಬಿಡುತ್ತಾರೆ. ‘ಸರಾಸರಿ 18 ಮಂದಿಯ ಸಾಕ್ಸ್ ಒದ್ದೆ, ಆದ್ದರಿಂದ ಸ್ಯಾಂಡಲ್ ಬೇಕು’ ಎಂಬುದರ ನಡುವೆ ಒಂದು ಮೆಟ್ಟಿಲು ಕಾಣೆಯಾಗಿದೆ: ಒದ್ದೆಯಾದ ಸಾಕ್ಸ್ ಸಂಜೆಯವರೆಗೆ ಒಣಗುವುದಿಲ್ಲ, ಸ್ಯಾಂಡಲ್ ಬೇಗ ಒಣಗುತ್ತದೆ ಎಂಬುದನ್ನು ತೂಕದ ಪ್ರಯೋಗದಿಂದ ತೋರಿಸಬೇಕು.

ಈಗ ಸೋಮವಾರದ 19ನ್ನು ಒಡೆದು ನೋಡೋಣ. ನಡೆದು ಬಂದ 20 ಮಂದಿಯಲ್ಲಿ 16 ಮಂದಿಯ ಸಾಕ್ಸ್ ಒದ್ದೆ. ಬಸ್ಸಿನಲ್ಲಿ ಬಂದ 12 ಮಂದಿಯಲ್ಲಿ 3 ಮಂದಿಯದು ಮಾತ್ರ. ಪರ ತಂಡಕ್ಕೆ ಇದು ಬಲವಾದ ಆಧಾರ: ನಡೆದು ಬರುವ ಐವರಲ್ಲಿ ನಾಲ್ವರು ಇಡೀ ದಿನ ಒದ್ದೆ ಕಾಲಿನಲ್ಲಿ ಕೂರುತ್ತಾರೆ. ವಿರೋಧ ತಂಡಕ್ಕೂ ಇದೇ ಆಧಾರ: ತೊಂದರೆ ಇರುವುದು ನಡೆದು ಬರುವವರಿಗೆ, ಹಾಗಿರುವಾಗ ವಿಷಯದ ವಾಕ್ಯದಲ್ಲಿ ‘ಎಲ್ಲ ವಿದ್ಯಾರ್ಥಿಗಳಿಗೂ’ ಎಂದು ಯಾಕಿರಬೇಕು? ನಡೆದು ಬರುವವರಿಗೆ ಶಾಲೆಯಲ್ಲಿ ಒಣ ಸಾಕ್ಸ್ ಬದಲಿಸಿಕೊಳ್ಳಲು ಅವಕಾಶ ಕೊಟ್ಟರೆ ಸಾಲದೇ? ಒಳ್ಳೆಯ ಚರ್ಚೆ ಎಂದರೆ ಇದು. ಎರಡು ತಂಡಗಳೂ ಅಂಕಿಯನ್ನು ಒಪ್ಪುತ್ತವೆ, ಅದರ ಅರ್ಥದ ಮೇಲೆ ಜಗಳವಾಡುತ್ತವೆ.

ಅಂಥ ಒಂದು ಪಾಟೀಸವಾಲು ಹೀಗೆ ಸಾಗಬಹುದು. ವಿರೋಧ ತಂಡದ ಹುಡುಗ ಎದ್ದು ಕೇಳುತ್ತಾನೆ: ‘ಸಭಾಧ್ಯಕ್ಷರೇ, ಸರ್ಕಾರ ಶೂ ಕೊಡುತ್ತದೆ, ಸ್ಯಾಂಡಲನ್ನು ಮನೆಯವರೇ ಕೊಳ್ಳಬೇಕು. ಕೊಳ್ಳಲಾಗದವರ ಮಕ್ಕಳು ಶೂನಲ್ಲಿ, ಉಳಿದವರು ಸ್ಯಾಂಡಲಿನಲ್ಲಿ ಬಂದರೆ ಸಮವಸ್ತ್ರದ ಉದ್ದೇಶ ಉಳಿಯುತ್ತದೆಯೇ ಎಂದು ಎದುರು ತಂಡ ಹೇಳಬೇಕು.’ ಪರ ತಂಡದ ಹುಡುಗಿ ಉತ್ತರಿಸುತ್ತಾಳೆ: ‘ಗೆಳೆಯರು ಕೇಳಿದ್ದು ನಿಜವಾದ ತೊಂದರೆ. ಮಳೆಗಾಲದಲ್ಲಿ ಮನೆಯಲ್ಲಿ ಹೇಗೂ ಒಂದು ಜೊತೆ ಸ್ಯಾಂಡಲ್ ಕೊಳ್ಳುತ್ತಾರೆ ಎಂದು ನಾನು ಹೇಳಬಹುದಿತ್ತು, ಆದರೆ ಅದಕ್ಕೆ ನಮ್ಮ ಬಳಿ ಚೀಟಿ ಇಲ್ಲ. ಬಣ್ಣ ಕಪ್ಪು, ಹಿಂಬದಿ ಪಟ್ಟಿ ಕಡ್ಡಾಯ ಎಂದು ನಾವು ವಾಕ್ಯದಲ್ಲೇ ಒಪ್ಪಿದ್ದೇವೆ. ಆದ್ದರಿಂದ ವ್ಯತ್ಯಾಸ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಆ ಸಣ್ಣ ವ್ಯತ್ಯಾಸಕ್ಕಿಂತ ನಾಲ್ಕು ತಿಂಗಳ ಕೆಸರು ಹುಣ್ಣು ದೊಡ್ಡದು ಎಂಬುದು ನಮ್ಮ ವಾದ.’ ತನ್ನ ಬಳಿ ಆಧಾರ ಇಲ್ಲದ ಜಾಗವನ್ನು ಆಕೆ ತಾನಾಗಿ ಒಪ್ಪಿಕೊಂಡಳು, ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಿಲ್ಲ, ಎರಡು ತೊಂದರೆಗಳನ್ನು ತೂಗಿ ತೋರಿಸಿದಳು. ಇಂಥ ಉತ್ತರಕ್ಕೆ ಪೂರ್ಣ ಅಂಕ ಸಲ್ಲಬೇಕು.

ಗುರುವಾರ ಅಭ್ಯಾಸ. ಭಾಷಣಗಳ ಪೂರ್ವಾಭ್ಯಾಸ ಬೇಡ, ಅದು ಬಾಯಿಪಾಠಕ್ಕೆ ದಾರಿ ಮಾಡುತ್ತದೆ. ಬದಲಿಗೆ ಪ್ರತಿ ತಂಡವೂ ಎದುರು ತಂಡದ ಅತ್ಯಂತ ಬಲವಾದ ವಾದವನ್ನು ತಾನೇ ಎರಡು ವಾಕ್ಯದಲ್ಲಿ ಬರೆದು ಶಿಕ್ಷಕರಿಗೆ ತೋರಿಸಬೇಕು. ಬರೆಯಲಾಗದ ತಂಡ ಇನ್ನೂ ಸಿದ್ಧವಾಗಿಲ್ಲ.

ಚರ್ಚೆಯ ದಿನ

ಶುಕ್ರವಾರ ಸತತ ಎರಡು ಪಿರಿಯಡ್ ತೆಗೆದಿಡಬೇಕು. ನಲವತ್ತರಂತೆ ಒಟ್ಟು 80 ನಿಮಿಷ. ಸಭಾಧ್ಯಕ್ಷೆ ವಿಷಯವನ್ನೂ ನಿಯಮಗಳನ್ನೂ ಓದಲು 3 ನಿಮಿಷ. ಪರ, ವಿರೋಧ, ಪರ, ವಿರೋಧ ಎಂಬ ಕ್ರಮದಲ್ಲಿ ನಾಲ್ಕು ಭಾಷಣ, ತಲಾ 3 ನಿಮಿಷ. ಬಳಿಕ ಪ್ರತಿ ತಂಡಕ್ಕೂ 2 ನಿಮಿಷದ ಪಾಟೀಸವಾಲು, ಸಭೆಯ ಪ್ರಶ್ನೆಗಳಿಗೆ 6 ನಿಮಿಷ, ತಂಡದೊಳಗೆ ಮಾತಾಡಿಕೊಳ್ಳಲು 3 ನಿಮಿಷ, ಕೊನೆಗೆ ಮೂರನೆಯ ಭಾಷಣಕಾರರಿಂದ ತಲಾ 2 ನಿಮಿಷದ ಸಮಾರೋಪ. ಸಮಾರೋಪದಲ್ಲಿ ವಿರೋಧ ತಂಡ ಮೊದಲು, ಪರ ತಂಡ ಕೊನೆಗೆ. ಇರುವ ನಿಯಮವನ್ನು ಬದಲಿಸಿ ಎನ್ನುವವರ ಮೇಲೆ ಸಾಬೀತುಪಡಿಸುವ ಹೊರೆ ಹೆಚ್ಚಿರುವುದರಿಂದ ಮೊದಲ ಮಾತೂ ಕೊನೆಯ ಮಾತೂ ಅವರಿಗೆ ಸಲ್ಲುತ್ತದೆ. ಆದರೆ ಸಮಾರೋಪದಲ್ಲಿ ಹೊಸ ವಾದ ಹೂಡಿದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟಕ್ಕೆ ಸುಮಾರು ಒಂದು ಪಿರಿಯಡ್ ಸಾಕು. ಎರಡನೆಯದು ತೀರ್ಪಿಗೆ ಮತ್ತು ಅದರ ಕಾರಣಗಳಿಗೆ.

ಜುಲೈ ತಿಂಗಳಾದರೆ ಎರಡು ಮುನ್ನೆಚ್ಚರಿಕೆ ಬೇಕು. ಶೀಟಿನ ಛಾವಣಿಯ ಕೋಣೆಯಲ್ಲಿ ಜೋರು ಮಳೆ ಬಂದರೆ ಪಕ್ಕದವರ ಮಾತೂ ಕೇಳುವುದಿಲ್ಲ, ಹಾಗಾಗಿ ಹೆಂಚಿನ ಅಥವಾ ಆರ್‌ಸಿಸಿ ಕೋಣೆಯನ್ನು ಕೇಳಿಟ್ಟುಕೊಳ್ಳಬೇಕು. ಆದರೂ ಕೇಳಿಸದಷ್ಟು ಸದ್ದಾದರೆ ಸಮಯಪಾಲಕ ಗಡಿಯಾರ ನಿಲ್ಲಿಸಿ, ಸದ್ದು ಇಳಿದ ಮೇಲೆ ಉಳಿದ ಸಮಯವನ್ನು ಕೊಡಬೇಕು. ಮಳೆಯ ರಜೆ ಘೋಷಣೆಯಾದರೆ ಎಂದು ಇನ್ನೊಂದು ದಿನವನ್ನೂ ಮೊದಲೇ ಗೊತ್ತು ಮಾಡಿರಬೇಕು.

ತೀರ್ಪು

ಮೂವರು ವಿದ್ಯಾರ್ಥಿಗಳ ಜೊತೆ ಹೊರಗಿನ ಇಬ್ಬರು ಸೇರಿ ಐವರು ತೀರ್ಪುಗಾರರು ಇರಲಿ. ಈ ತಂಡಗಳಿಗೆ ಮಾರ್ಗದರ್ಶನ ಮಾಡದ ಒಬ್ಬ ಶಿಕ್ಷಕರು, ಅರಿವು ಕೇಂದ್ರದ ಗ್ರಂಥಪಾಲಕರು ಆಗಬಹುದು. ಭಾಷಣಕಾರರ ಅಣ್ಣ ತಂಗಿಯರು, ಒಂದೇ ಬೆಂಚಿನ ಗೆಳೆಯರು ತೀರ್ಪುಗಾರರಾಗಬಾರದು. ಚರ್ಚೆಗೆ ಮೊದಲು ಪ್ರತಿ ತೀರ್ಪುಗಾರರೂ ಶೂ ನಿಯಮದ ಬಗ್ಗೆ ತಮ್ಮ ಸ್ವಂತ ಅಭಿಪ್ರಾಯವನ್ನು ಒಂದು ಸಾಲಿನಲ್ಲಿ ಬರೆದು ಲಕೋಟೆಯಲ್ಲಿ ಹಾಕಿ ಕೊಡಬೇಕು. ತಮ್ಮ ಒಲವು ಯಾವ ಕಡೆ ಎಂಬುದನ್ನು ಬರೆದವರಿಗೆ, ಅಂಕ ಹಾಕುವಾಗ ಅದು ನೆನಪಿರುತ್ತದೆ.

ನೂರು ಅಂಕಗಳನ್ನು ನಾನು ಹೀಗೆ ಹಂಚುತ್ತೇನೆ: ವಾದದ ತಿರುಳಿಗೆ 30, ಆಧಾರಕ್ಕೆ 30, ಎದುರು ತಂಡಕ್ಕೆ ಕೊಟ್ಟ ಉತ್ತರಕ್ಕೆ 25, ಸ್ಪಷ್ಟತೆಗೆ 10, ಸಮಯಪಾಲನೆಗೆ 5. ಹಾವಭಾವ, ಕಂಠ, ನಿರರ್ಗಳತೆಗೆ ಬೇರೆ ಅಂಕ ಇಲ್ಲ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಲಂಬಾಣಿ ಆಡುವ ಮಕ್ಕಳಿದ್ದಾರೆ, ತೋಟದ ಲೈನ್ ಮನೆಗಳಿಂದ ಬರುವ ತಮಿಳಿನ ಮಕ್ಕಳಿದ್ದಾರೆ. ಹಕಾರ ಅಕಾರವಾಯಿತು, ವಾಕ್ಯ ತಡವರಿಸಿತು ಎಂದು ಅಂಕ ಕಳೆದರೆ ನಾವು ಅಳೆದದ್ದು ಮನೆಯ ಮಾತನ್ನೇ ಹೊರತು ವಾದವನ್ನಲ್ಲ. ಸ್ಪಷ್ಟತೆ ಎಂದರೆ ಹೇಳಿದ್ದು ಅರ್ಥವಾಯಿತೇ ಎಂಬುದಷ್ಟೇ.

ಗುರುವಾರವೇ ತೀರ್ಪುಗಾರರಿಗೂ ಒಂದು ಅಭ್ಯಾಸ ಬೇಕು. ಶಿಕ್ಷಕರು ಬೇರೆ ಯಾವುದೋ ವಿಷಯದ ಮೇಲೆ ಎರಡು ನಿಮಿಷ ಮಾತಾಡಲಿ, ಐವರೂ ಆಧಾರಕ್ಕೆ 30ರಲ್ಲಿ ಅಂಕ ಹಾಕಲಿ. ಒಬ್ಬರು 25, ಇನ್ನೊಬ್ಬರು 10 ಕೊಟ್ಟಿದ್ದರೆ ಯಾಕೆಂದು ಮಾತಾಡಿಕೊಳ್ಳಬೇಕು. ಆದರೂ ಕೈ ಬಿಗಿ ಇರುವವರು, ಕೈ ಸಡಿಲ ಇರುವವರು ಎಂಬ ವ್ಯತ್ಯಾಸ ಪೂರ್ತಿ ಹೋಗುವುದಿಲ್ಲ. ಅದಕ್ಕಾಗಿ ಒಟ್ಟು ಅಂಕ ಕೂಡಿಸಿ ಗೆಲುವು ಘೋಷಿಸುವ ರೂಢಿಯನ್ನು ಬಿಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಒಂದು ಲೆಕ್ಕ ನೋಡಿ. ಪರ ತಂಡಕ್ಕೆ ಐವರು ಕೊಟ್ಟ ಅಂಕ 72, 68, 75, 70, 50. ಅದೇ ಕ್ರಮದಲ್ಲಿ ವಿರೋಧ ತಂಡಕ್ಕೆ 70, 66, 74, 69, 78. ಕೂಡಿಸಿದರೆ ಪರ 335, ವಿರೋಧ 357. ವಿರೋಧ ತಂಡ 22 ಅಂಕಗಳಿಂದ ಗೆದ್ದಂತೆ. ಆದರೆ ಮೊದಲ ನಾಲ್ವರೂ ಪರ ತಂಡವೇ ಮೇಲು ಎಂದು ಕಂಡಿದ್ದಾರೆ. ಒಬ್ಬರ 28 ಅಂಕಗಳ ಅಂತರ ನಾಲ್ವರ ತೀರ್ಮಾನವನ್ನು ಅಳಿಸಿಹಾಕಿತು. ಆದ್ದರಿಂದ ಪ್ರತಿ ತೀರ್ಪುಗಾರರ ಹಾಳೆಯನ್ನು ಒಂದು ಮತವೆಂದು ಎಣಿಸಬೇಕು. ಇಲ್ಲಿ ಪರ ತಂಡಕ್ಕೆ 4, ವಿರೋಧ ತಂಡಕ್ಕೆ 1. ಒಂದೇ ಹಾಳೆಯಲ್ಲಿ ಎರಡು ತಂಡಗಳಿಗೂ ಸಮ ಅಂಕ ಬಂದರೆ ಉತ್ತರದ ಅಂಕ ಯಾರಿಗೆ ಹೆಚ್ಚಿದೆಯೋ ಆ ತಂಡಕ್ಕೆ ಮತ, ಅಲ್ಲಿಯೂ ಸಮವಾದರೆ ಆಧಾರದ ಅಂಕ ನೋಡಿ.

ತೀರ್ಪುಗಾರರು ಹಾಳೆಗಳನ್ನು ಒಬ್ಬರಿಗೊಬ್ಬರು ತೋರಿಸದೆ ಸಭಾಧ್ಯಕ್ಷೆಗೆ ಕೊಟ್ಟ ಮೇಲೆ, ಪ್ರತಿಯೊಬ್ಬರೂ ತಮ್ಮ ಮತಕ್ಕೆ ಕಾರಣವಾದ ಒಂದು ಪ್ರಶ್ನೋತ್ತರವನ್ನು ಹೆಸರಿಸಿ ಹೇಳಬೇಕು. ‘ಚೆನ್ನಾಗಿ ಮಾತಾಡಿದರು’ ಎಂಬುದು ಕಾರಣವಲ್ಲ. ‘ಬಸ್ಸಿನವರ ಅಂಕಿಗೆ ಪರ ತಂಡ ಉತ್ತರ ಕೊಡಲೇ ಇಲ್ಲ’ ಎಂಬುದು ಕಾರಣ. ಸೋತ ತಂಡಕ್ಕೆ ಅಂಥ ಮಾತಿನಿಂದ ನೋವಾಗುವುದು ಕಡಿಮೆ. ಯಾಕೆ ಸೋತೆವೆಂದು ತಿಳಿಯದಿರುವುದೇ ಹೆಚ್ಚು ಕಾಡುತ್ತದೆ. ಹಳದಿ ರಟ್ಟು ಎದ್ದ ಅಂಕಿಗಳನ್ನು ಪರಿಶೀಲಕರು ಇದೇ ಹೊತ್ತಿನಲ್ಲಿ ಓದಿ ಹೇಳುತ್ತಾರೆ.

ಚರ್ಚೆಯ ನಂತರದ ಪತ್ರ

ಸೋಮವಾರ ಟಿಪ್ಪಣಿಕಾರರು ಮತ್ತು ಎರಡೂ ತಂಡಗಳಿಂದ ಒಬ್ಬೊಬ್ಬರು ಕುಳಿತು ಮುಖ್ಯ ಶಿಕ್ಷಕರಿಗೆ ಒಂದು ಪುಟದ ಪತ್ರ ಬರೆಯಬೇಕು. ಚರ್ಚೆಯಲ್ಲಿ ಯಾರು ಗೆದ್ದರು ಎಂಬುದು ಅದರಲ್ಲಿ ಇರಬಾರದು, ಏಕೆಂದರೆ ಚೆನ್ನಾಗಿ ವಾದಿಸಿದ ತಂಡ ಗೆದ್ದಿದೆಯೇ ಹೊರತು ಸರಿಯಾದ ನಿಯಮ ಯಾವುದೆಂಬುದು ಅಲ್ಲಿ ತೀರ್ಮಾನವಾಗಿಲ್ಲ. ಪತ್ರದಲ್ಲಿ ಇರಬೇಕಾದದ್ದು ಎರಡೂ ತಂಡಗಳು ಒಪ್ಪಿದ ಸಂಗತಿಗಳು, ಒಪ್ಪದೆ ಉಳಿದ ಸಂಗತಿಗಳು, ಮತ್ತು ಎರಡೂ ತಂಡಗಳಿಗೆ ಒಪ್ಪಿಗೆಯಾಗುವ ಒಂದು ಕೋರಿಕೆ. ನಮ್ಮ ಉದಾಹರಣೆಯಲ್ಲಿ ಆ ಕೋರಿಕೆ ಹೀಗಿರಬಹುದು: ಜುಲೈ ಮತ್ತು ಆಗಸ್ಟ್ ಎರಡು ತಿಂಗಳು ನಡೆದು ಬರುವ ಮಕ್ಕಳಿಗೆ ಕಪ್ಪು ಸ್ಯಾಂಡಲಿಗೆ ಅವಕಾಶ ಕೊಟ್ಟು ನೋಡುವುದು, ಜಗುಲಿಯಲ್ಲಿ ಶೂ ಒಣಗಿಸಲು ಒಂದು ಹಲಗೆ ಹಾಕಿಸುವುದು. ಆಧಾರ ಚೀಟಿಗಳ ಕಡತವನ್ನು ಪತ್ರದ ಜೊತೆ ಇಟ್ಟು, ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಮಂಡಿಸುವಂತೆ ಕೇಳಬೇಕು. ಯಾವ ದಿನಾಂಕದೊಳಗೆ ಉತ್ತರ ಬೇಕು ಎಂಬುದನ್ನೂ ವಿನಯದಿಂದ ಬರೆಯಬೇಕು. ಉತ್ತರ ಇಲ್ಲ ಎಂದೇ ಬಂದರೂ ಅದಕ್ಕೆ ಕಾರಣ ಕೊಡಬೇಕೆಂದು ಮುಖ್ಯ ಶಿಕ್ಷಕರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳುವುದು ಚರ್ಚೆ ನಡೆಸುವ ಶಿಕ್ಷಕರ ಹೊಣೆ. ಆ ಉತ್ತರವನ್ನು ತರಗತಿಯಲ್ಲಿ ಓದಿ, ಅದೇ ಕಡತಕ್ಕೆ ಸೇರಿಸಿ, ಮುಂದಿನ ಜೂನ್‌ನಲ್ಲಿ ಎಂಟನೇ ತರಗತಿಗೆ ಬರುವ ಮಕ್ಕಳಿಗೆ ಒಪ್ಪಿಸಬೇಕು.